ಓರೆಬರಹದ ತಿದ್ದುಗೆ ಮತ್ತು ಪದವಿಭಜನೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಹಳೆಯ ಲೆಕ್ಕಪತ್ರಗಳಲ್ಲಿ ಶಾನುಭೋಗರ ಅವಸರದ ಕೈಬರಹವು ಬಲಕ್ಕೆ ವಾಲಿ, ಅಕ್ಷರಕ್ಕೆ ಅಕ್ಷರ ಕೂಡಿಕೊಂಡು ಸಾಗುವುದುಂಟು. ಇಂಥ ಸಾಲನ್ನು ಗಣಕಯಂತ್ರವು ಪದಗಳಾಗಿ ಬಿಡಿಸುವಾಗ ಪ್ರತಿ ಲಂಬಪಟ್ಟಿಯಲ್ಲಿರುವ ಮಸಿಯ ಚುಕ್ಕೆಗಳನ್ನು ಎಣಿಸುತ್ತದೆ. ಮಸಿಯಿಲ್ಲದ ಅಗಲವಾದ ಪಟ್ಟಿಯೇ ಪದಗಳ ನಡುವಣ ಎಡೆ.

ಅಕ್ಷರದ ಎತ್ತರ 40 ಚುಕ್ಕೆ, ಓರೆ 30 ಅಂಶ, ಪದಗಳ ನಡುವಣ ಎಡೆ 15 ಚುಕ್ಕೆ ಎಂದಿಟ್ಟುಕೊಳ್ಳೋಣ. ಆಗ ಅಕ್ಷರದ ತಲೆಯು ಬುಡಕ್ಕಿಂತ ಸುಮಾರು 23 ಚುಕ್ಕೆ ಬಲಕ್ಕೆ ಚಾಚಿ, ಮುಂದಿನ ಪದದ ಬುಡದ ಮೇಲೆ 8 ಚುಕ್ಕೆಯಷ್ಟು ಬಾಗಿರುತ್ತದೆ. ಕಣ್ಣಿಗೆ ಎಡೆ ಕಂಡರೂ ಬರಿದಾದ ಪಟ್ಟಿ ಒಂದೂ ಸಿಗದು. ಬುಡದ ಸಾಲನ್ನು ಇದ್ದಲ್ಲೇ ಬಿಟ್ಟು, ಮೇಲೇರಿದಂತೆ ಪ್ರತಿ ಅಡ್ಡಸಾಲನ್ನೂ ಎತ್ತರಕ್ಕನುಗುಣವಾಗಿ ಎಡಕ್ಕೆ ಸರಿಸಿದರೆ ಅಕ್ಷರಗಳು ನೆಟ್ಟಗೆ ನಿಂತು, 15 ಚುಕ್ಕೆಗಳ ಎಡೆ ತೆರೆದುಕೊಳ್ಳುತ್ತದೆ.

ಕೋನವನ್ನು ಅರಿಯಲು ಹಲವು ಕೋನಗಳನ್ನು ಪ್ರಯೋಗಿಸಿ, ಬರಿದಾದ ಪಟ್ಟಿಗಳೂ ದಟ್ಟವಾದ ಪಟ್ಟಿಗಳೂ ಅತ್ಯಂತ ಸ್ಪಷ್ಟವಾಗಿ ಬೇರ್ಪಡುವುದನ್ನು ಆಯ್ದುಕೊಳ್ಳುವರು. ಕನ್ನಡದ ಅಕ್ಷರಗಳು ದುಂಡಾದುವು, ನೆಟ್ಟನೆಯ ಗೆರೆಗಳು ವಿರಳ. ಆದುದರಿಂದ ಒಂದೇ ಪದದಿಂದ ಕೋನವನ್ನು ಅಳೆಯುವುದು ಅಪಾಯಕರ, ಇಡೀ ಸಾಲನ್ನು ನೋಡಬೇಕು. ತಿದ್ದುಗೆ ಮಿತಿಮೀರಿದರೆ ಅಕ್ಷರಗಳು ಎಡಕ್ಕೆ ವಾಲಿ ಎಡೆಗಳು ಮತ್ತೆ ಮುಚ್ಚಿಹೋಗುತ್ತವೆ. ಕೆಳಗೆ ಬಲಕ್ಕೆ ಚಾಚುವ ಒತ್ತಕ್ಷರಗಳೂ ಎಡೆಯನ್ನು ತುಂಬಬಲ್ಲವಾದ್ದರಿಂದ ಎಣಿಕೆಯನ್ನು ಅಕ್ಷರದ ನಡುಭಾಗಕ್ಕೆ ಸೀಮಿತಗೊಳಿಸುವುದು ಲೇಸು.

ಬರೆದವನು ಎಡೆಯನ್ನೇ ಬಿಡದಿದ್ದರೆ ಈ ತಿದ್ದುಗೆ ಅದನ್ನು ಸೃಷ್ಟಿಸಲಾರದು. ಮರಾಠಿಯ ಮೋಡಿ ಲಿಪಿಯಲ್ಲಿ ಹೀಗೆಯೇ. ಸಾಲುದ್ದಕ್ಕೂ ಮೊದಲೇ ಎಳೆದ ತಲೆಗೆರೆಯನ್ನು ಅಳಿಸಿದರೂ ಪದದ ಎಲ್ಲೆಯನ್ನು ಅರ್ಥದಿಂದಲೇ ಗುರುತಿಸಬೇಕಾಗುತ್ತದೆ.