ಸಣ್ಣ ನಾಯಿಯ ಹೃದಯದ ಕವಾಟ ಸೋರಿದಾಗ: ಮಾತ್ರೆ ಶುರುಮಾಡುವುದು ಯಾವಾಗ?

ಪೊಮೆರೇನಿಯನ್, ಡ್ಯಾಷ್‌ಹುಂಡ್, ಶಿಟ್ಜು, ಕ್ಯಾವಲಿಯರ್ ಸ್ಪ್ಯಾನಿಯಲ್‌ನಂಥ ಸಣ್ಣ ತಳಿಯ ನಾಯಿಗಳಿಗೆ ವಯಸ್ಸಾದಂತೆ ಹೆಚ್ಚಾಗಿ ಬರುವ ಹೃದ್ರೋಗವೆಂದರೆ ಮೈಟ್ರಲ್ ಕವಾಟದ ಸವೆತ. ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವಿನ ಈ ಕವಾಟದ ತೆಳು ಎಸಳುಗಳು ವರ್ಷ ಕಳೆದಂತೆ ದಪ್ಪವಾಗಿ, ಗಂಟುಗಟ್ಟಿ, ಒಂದಕ್ಕೊಂದು ಸರಿಯಾಗಿ ಕೂಡದಂತಾಗುತ್ತವೆ. ಆಗ ಪ್ರತಿ ಬಡಿತದಲ್ಲೂ ಒಂದಿಷ್ಟು ರಕ್ತ ಹಿಂದಕ್ಕೆ, ಹೃತ್ಕರ್ಣಕ್ಕೆ ಸೋರುತ್ತದೆ. ಸ್ಟೆತಾಸ್ಕೋಪನ್ನು ಎದೆಯ ಎಡಬದಿಗೆ ಇಟ್ಟಾಗ ಕೇಳುವ ‘ಮರ್ಮರ್’ ಈ ಸೋರಿಕೆಯದೇ ಸದ್ದು.

ಸದ್ದು ಕೇಳಿದ ದಿನವೇ ಮಾತ್ರೆ ಶುರುಮಾಡುವುದು ಒಂದು ತಪ್ಪು. ನಾಯಿ ಏದುಸಿರು ಬಿಡುವವರೆಗೆ ಕಾಯುವುದು ಅದಕ್ಕಿಂತ ದೊಡ್ಡ ತಪ್ಪು. ಸರಿಯಾದ ಹೊತ್ತು ಇವೆರಡರ ನಡುವೆ ಎಲ್ಲಿದೆ ಎಂಬುದನ್ನು ತಿಳಿಯಲೆಂದೇ ರೋಗವನ್ನು ಹಂತಗಳಾಗಿ ವಿಂಗಡಿಸಲಾಗಿದೆ. ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆಯೊಂದು 2009ರಲ್ಲಿ ರೂಪಿಸಿ 2019ರಲ್ಲಿ ಪರಿಷ್ಕರಿಸಿದ ವಿಂಗಡಣೆ ಈಗ ಬಳಕೆಯಲ್ಲಿದೆ. ಅಪಾಯವಿರುವ ತಳಿಗೆ ಸೇರಿದ್ದರೂ ಇನ್ನೂ ಸದ್ದಿಲ್ಲದ ನಾಯಿ ‘ಎ’ ಹಂತದ್ದು. ಸದ್ದಿದ್ದೂ ತೊಂದರೆಯ ಲಕ್ಷಣವಿಲ್ಲದಿದ್ದರೆ ‘ಬಿ’. ಶ್ವಾಸಕೋಶದಲ್ಲಿ ನೀರು ತುಂಬಿ ಹೃದಯ ಸೋತರೆ ‘ಸಿ’. ಮಾಮೂಲಿ ಔಷಧಕ್ಕೆ ಬಗ್ಗದಿದ್ದರೆ ‘ಡಿ’.

ನಿರ್ಣಾಯಕ ಗೆರೆ ಇರುವುದು ‘ಬಿ’ ಹಂತದ ಒಳಗೇ. ಕವಾಟ ಸೋರುತ್ತಿದ್ದರೂ ಹೃದಯ ಅಷ್ಟಾಗಿ ಹಿಗ್ಗಿಲ್ಲದಿದ್ದರೆ ಅದು ‘ಬಿ-1’. ಈ ಹಂತಕ್ಕೆ ಮಾತ್ರೆಯೂ ಬೇಡ, ಪಥ್ಯವೂ ಬೇಡ. ಆರು ತಿಂಗಳಿಂದ ಒಂದು ವರ್ಷದೊಳಗೆ ಮತ್ತೊಮ್ಮೆ ತಪಾಸಣೆಯಾದರೆ ಸಾಕು. ಹಿಂದಕ್ಕೆ ಬಂದ ರಕ್ತದ ಹೊರೆಗೆ ಎಡಭಾಗ ಎದ್ದು ಕಾಣುವಷ್ಟು ಹಿಗ್ಗಿದ್ದರೆ ‘ಬಿ-2’. ಇದನ್ನು ಕಣ್ಣಂದಾಜಿನಲ್ಲಿ ಹೇಳುವಂತಿಲ್ಲ, ಅಳೆಯಲೇಬೇಕು. ಸದ್ದು ಆರರಲ್ಲಿ ಮೂರನೇ ದರ್ಜೆಯದೋ ಅದಕ್ಕಿಂತ ಜೋರಿನದೋ ಆಗಿರಬೇಕು. ಎಕೋ ಸ್ಕ್ಯಾನಿನಲ್ಲಿ ಎಡ ಹೃತ್ಕರ್ಣದ ಅಗಲ ಮಹಾಪಧಮನಿಯ ಅಗಲದ 1.6 ಪಟ್ಟು ಮುಟ್ಟಿರಬೇಕು. ಹೃತ್ಕುಕ್ಷಿಯ ಒಳ ಅಗಲವನ್ನು ನಾಯಿಯ ತೂಕಕ್ಕೆ ಹೊಂದಿಸಿ ಲೆಕ್ಕ ಹಾಕಿದಾಗ ಬರುವ ಅಂಕಿ 1.7 ಅಥವಾ ಹೆಚ್ಚಿರಬೇಕು. ಎಕ್ಸ್‌ರೇಯಲ್ಲಿ ಹೃದಯದ ಉದ್ದ, ಅಗಲಗಳನ್ನು ಬೆನ್ನೆಲುಬಿನ ಮಣಿಗಳ ಲೆಕ್ಕದಲ್ಲಿ ಅಳೆದು ಕೂಡಿಸಿದರೆ ಮೊತ್ತ ಹತ್ತೂವರೆ ಮಣಿ ದಾಟಿರಬೇಕು. ಎಕೋ ಸಿಗದ ಊರಿನಲ್ಲಿ ಎಕ್ಸ್‌ರೇಯೊಂದನ್ನೇ ನಂಬಬೇಕಾದರೆ ಆ ಮೊತ್ತ ಹನ್ನೊಂದೂವರೆ ಮುಟ್ಟಿರಬೇಕು.

ಐದು ಕಿಲೋ ತೂಗುವ ಒಂಬತ್ತು ವರ್ಷದ ಪೊಮೆರೇನಿಯನ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಲಸಿಕೆಗೆಂದು ಬಂದಾಗ ಮೂರನೇ ದರ್ಜೆಯ ಸದ್ದು ಕೇಳಿತು. ಹೃತ್ಕರ್ಣ 1.6 ಸೆಂ.ಮೀ., ಮಹಾಪಧಮನಿ 1.2, ಅನುಪಾತ 1.33. ಎಕ್ಸ್‌ರೇಯಲ್ಲಿ 10.2 ಮಣಿ. ಇದು ‘ಬಿ-1’, ಔಷಧವಿಲ್ಲ. ವರ್ಷದ ನಂತರ ನಾಯಿ ಮೊದಲಿನಂತೆಯೇ ಓಡಾಡಿಕೊಂಡಿದೆ, ಆದರೆ ಹೃತ್ಕರ್ಣ 2.1 ಸೆಂ.ಮೀ. ಆಗಿ ಅನುಪಾತ 1.75ಕ್ಕೆ ಏರಿದೆ, ಹೃತ್ಕುಕ್ಷಿಯ ಅಂಕಿ 1.8, ಎಕ್ಸ್‌ರೇಯಲ್ಲಿ 11.1 ಮಣಿ. ನಾಯಿ ಲವಲವಿಕೆಯಿಂದಿದ್ದರೂ ಈಗ ಅದು ‘ಬಿ-2’. ಇಲ್ಲಿಂದ ಪಿಮೊಬೆಂಡಾನ್ ಶುರು: ಕಿಲೋಗೆ ಸುಮಾರು 0.25 ಮಿಲಿಗ್ರಾಂನಂತೆ ಬೆಳಿಗ್ಗೆ 1.25, ರಾತ್ರಿ 1.25 ಮಿಲಿಗ್ರಾಂ, ಊಟಕ್ಕೆ ಒಂದು ಗಂಟೆ ಮೊದಲು. ಈ ಮಾತ್ರೆ ಹೃದಯದ ಸ್ನಾಯುವಿಗೆ ಬಲ ಕೊಡುತ್ತದೆ, ರಕ್ತನಾಳಗಳನ್ನು ಸಡಿಲಿಸುತ್ತದೆ. ಸವೆದ ಕವಾಟವನ್ನು ಅದು ಸರಿಪಡಿಸಲಾರದು.

ಲಕ್ಷಣವೇ ಇಲ್ಲದ ನಾಯಿಗೆ ದಿನಕ್ಕೆರಡು ಮಾತ್ರೆ ಏಕೆಂಬ ಪ್ರಶ್ನೆಗೆ 2016ರಲ್ಲಿ ಪ್ರಕಟವಾದ ‘ಎಪಿಕ್’ ಅಧ್ಯಯನ ಉತ್ತರ ಕೊಟ್ಟಿತು. ಹೃದಯ ಹಿಗ್ಗಿದ್ದೂ ಇನ್ನೂ ಸೋಲದಿದ್ದ 360 ನಾಯಿಗಳಲ್ಲಿ ಕೆಲವಕ್ಕೆ ಪಿಮೊಬೆಂಡಾನ್, ಉಳಿದವಕ್ಕೆ ಔಷಧವಿಲ್ಲದ ಹುಸಿಮಾತ್ರೆ ಕೊಡಲಾಯಿತು. ಔಷಧ ಪಡೆದ ನಾಯಿಗಳಲ್ಲಿ ಹೃದಯ ಸೋಲುವುದೋ ಹೃದ್ರೋಗದಿಂದ ಸಾವೋ ಸುಮಾರು 15 ತಿಂಗಳು ಮುಂದಕ್ಕೆ ಹೋಯಿತು. ಸಣ್ಣ ನಾಯಿಯ ಆಯುಸ್ಸಿನಲ್ಲಿ ಇದು ಚಿಕ್ಕ ಅವಧಿಯಲ್ಲ. ಅಧ್ಯಯನಕ್ಕೆ ಆರಿಸಿದ್ದು ಹಿಗ್ಗಿದ ಹೃದಯದ ನಾಯಿಗಳನ್ನು ಮಾತ್ರ. ಹಾಗಾಗಿ ಈ ಲಾಭವನ್ನು ‘ಬಿ-1’ ನಾಯಿಗಳಿಗೆ ಆರೋಪಿಸಲು ಬರುವುದಿಲ್ಲ.

ಇಲ್ಲಿ ಹೆಚ್ಚಾಗಿ ದಾರಿ ತಪ್ಪಿಸುವುದು ಕೆಮ್ಮು. ಈ ತಳಿಗಳಲ್ಲಿ ಶ್ವಾಸನಾಳ ಕುಸಿದು ಬರುವ ಕೆಮ್ಮು ಸಾಮಾನ್ಯ. ಹಿಗ್ಗಿದ ಹೃತ್ಕರ್ಣ ಶ್ವಾಸನಾಳದ ಕವಲನ್ನು ಒತ್ತಿದರೂ ಕೆಮ್ಮು ಬರಬಹುದು. ಎರಡರಲ್ಲೂ ಶ್ವಾಸಕೋಶದಲ್ಲಿ ನೀರಿರಬೇಕೆಂದಿಲ್ಲ. ಆದ್ದರಿಂದ ಕೆಮ್ಮಿದ ಮಾತ್ರಕ್ಕೆ ಫ್ಯುರೋಸೆಮೈಡ್ ಎಂಬ, ಮೂತ್ರ ಹೆಚ್ಚಿಸುವ ಮಾತ್ರೆ ಕೊಡಬಾರದು. ಅದರ ಸರದಿ ನೀರು ತುಂಬಿದ್ದು ಖಚಿತವಾದ ಮೇಲೆ, ‘ಸಿ’ ಹಂತದಲ್ಲಿ. ಆಗ ಪಿಮೊಬೆಂಡಾನ್ ಜೊತೆಗೆ ಅದನ್ನೂ, ಸಾಮಾನ್ಯವಾಗಿ ಸ್ಪಿರೊನೊಲ್ಯಾಕ್ಟೋನ್ ಮತ್ತು ಬೆನಜೆಪ್ರಿಲ್‌ನಂಥ ಇನ್ನೊಂದು ಮಾತ್ರೆಯನ್ನೂ ಕೊಟ್ಟು, ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸುತ್ತಿರಬೇಕಾಗುತ್ತದೆ.

‘ಸಿ’ ಹಂತ ಹತ್ತಿರವಾಗುತ್ತಿರುವುದನ್ನು ಮನೆಯಲ್ಲೇ ಗುರುತಿಸಬಹುದು. ನಾಯಿ ಗಾಢ ನಿದ್ದೆಯಲ್ಲಿರುವಾಗ ಎದೆ ಏರಿ ಇಳಿಯುವುದನ್ನು ಒಂದು ಉಸಿರೆಂದು ಹಿಡಿದು ಒಂದು ನಿಮಿಷ ಎಣಿಸಿ, ತಾರೀಖಿನ ಜೊತೆ ಬರೆದಿಡಬೇಕು. ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಇದ್ದರೆ ಸಹಜ. ಮತ್ತೆ ಮತ್ತೆ ಎಣಿಸಿದರೂ 30 ದಾಟುತ್ತಿದ್ದರೆ, ಕೆಮ್ಮು ಇರಲಿ ಬಿಡಲಿ, ನಾಯಿಯನ್ನು ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು.