ಕೈಗೆ 39 ಸಾವಿರ, ಬಡ್ಡಿ ಎಷ್ಟು?

ಅಕ್ಕಾ, ಬಂದಳಿಕೆ ಕಡೆ ಮೆಕ್ಕೆಜೋಳದ ಬೀಜ-ಗೊಬ್ಬರಕ್ಕೆ ಮೈಕ್ರೋಫೈನಾನ್ಸ್‌ನಲ್ಲಿ 40,000 ರೂಪಾಯಿ ಸಾಲ ತಗೊಂಡ್ರಿ ಅಂದ್ಕೊಳ್ಳಿ. ಶುಲ್ಕ, ವಿಮೆ ಅಂತ 1,000 ಮುರ್ಕೊಂಡು ಕೈಗೆ ಕೊಡೋದು 39,000. ತಿಂಗಳಿಗೆ 3,782ರಂತೆ 12 ಕಂತು. ಒಟ್ಟು ಕಟ್ಟೋದು 45,384.

[ತೆರೆಯಲ್ಲಿ: 13 ಅಲ್ಲ, 29!]

40,000ದ ಮೇಲೆ ಹೆಚ್ಚು ಕಟ್ಟೋದು ನೂರಕ್ಕೆ ಹದಿಮೂರೇ ತಾನೇ ಅನ್ಸುತ್ತೆ. ಆದ್ರೆ ತಿಂಗಳು ತಿಂಗಳೂ ಅಸಲು ವಾಪಸ್ ಹೋಗ್ತಿರುತ್ತೆ, ವರ್ಷಪೂರ್ತಿ ಆ ದುಡ್ಡು ನಿಮ್ಮ ಹತ್ರ ಇರಲ್ಲ. ಹಾಗಾಗಿ, ಮುರ್ಕೊಂಡ 1,000 ಕೂಡ ಸೇರಿ, ನಿಜವಾದ ದರ ಶೇ. 29ರ ಹತ್ತಿರ.

ಅಡಮಾನ ಕೇಳಲ್ಲ, ನಿಜ. ಬದಲಿಗೆ ಗುಂಪಿನ ಹೆಂಗಸರೇ ಒಬ್ಬರಿಗೊಬ್ಬರು ಜಾಮೀನು. ಐವರಲ್ಲಿ ಒಬ್ಬರ ಕಂತು ತಪ್ಪಿದ್ರೆ ಉಳಿದ ನಾಲ್ವರು ಕೈಯಿಂದ ಹಾಕ್ಬೇಕು. ಅದಕ್ಕೇ ಇನ್ನೊಂದು ಕಡೆ ಸಾಲ ಮಾಡೋರೂ ಇದ್ದಾರೆ.

[ತೆರೆಯಲ್ಲಿ: ಸಂಜೀವಿನಿ ಸಂಘ, ಬ್ಯಾಂಕ್ ಸಾಲ]

ಸಂಜೀವಿನಿ ಸ್ವಸಹಾಯ ಸಂಘಕ್ಕೆ 3 ಲಕ್ಷದವರೆಗೆ ಬ್ಯಾಂಕ್ ಬಡ್ಡಿ ಶೇ. 7. ಅದೇ 40,000ಕ್ಕೆ, ಅದೇ 12 ಕಂತಲ್ಲಿ, ಬಡ್ಡಿ ಸುಮಾರು 1,530. ಸಂಘ ಸದಸ್ಯರಿಗೆ ಸ್ವಲ್ಪ ಹೆಚ್ಚು ಹಾಕಿದ್ರೂ ಆ ದುಡ್ಡು ಸಂಘದಲ್ಲೇ ಉಳಿಯುತ್ತೆ. ಆದ್ರೆ ಮೊದಲು ಆರು ತಿಂಗಳು ಉಳಿತಾಯ, ಸಭೆ, ಲೆಕ್ಕಪುಸ್ತಕ ಸರಿಯಾಗಿ ನಡೆದಿರಬೇಕು.

ಮೈಕ್ರೋಫೈನಾನ್ಸ್ ಕಾಗದಕ್ಕೆ ಸಹಿ ಹಾಕೋ ಮುಂಚೆ ನಿಮಗೆ ಅರ್ಥವಾಗೋ ಭಾಷೆಯಲ್ಲಿ ಸಾಲದ ವಿವರಪತ್ರ ಕೇಳಿ. ಶುಲ್ಕವೂ ಸೇರಿದ ವಾರ್ಷಿಕ ದರ ಅದರಲ್ಲಿ ಇರಲೇಬೇಕು, 2022ರ ಆರ್‌ಬಿಐ ನಿಯಮ ಇದು. ಆ ಒಂದು ಅಂಕಿ ನೋಡಿ, ಆಮೇಲೆ ಸಹಿ ಹಾಕಿ.