ಹತ್ತು ನಿಮಿಷಕ್ಕೆ ತಾನೇ ಮುಗಿಯುವ ಆಟಗಳು

ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಕೆಎಎಸ್, ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗಳಿಗೆ ಓದುವವರನ್ನು ಕೇಳಿ ನೋಡಿ. ಓದಿನ ನಡುವೆ ಬಿಡುವು ಬೇಡವೆಂದು ಯಾರೂ ಹೇಳುವುದಿಲ್ಲ. ಅವರ ಕಷ್ಟವೇ ಬೇರೆ: ಹತ್ತು ನಿಮಿಷವೆಂದು ಮೊಬೈಲಿನಲ್ಲಿ ಶುರುಮಾಡಿದ ಆಟ ಮುಕ್ಕಾಲು ಗಂಟೆಯಾದರೂ ಕೈಬಿಡುವುದಿಲ್ಲ. ಆಮೇಲೆ ತಮ್ಮನ್ನೇ ಬೈದುಕೊಂಡು, ಮನೋಬಲ ಸಾಲದೆಂದು ಕೊರಗುತ್ತಾರೆ. ತಪ್ಪು ಹೆಚ್ಚಾಗಿ ಇರುವುದು ಆರಿಸಿಕೊಂಡ ಆಟದಲ್ಲಿ.

ಅಲಾರಂ ಇಟ್ಟುಕೊಂಡರೆ ಸಾಲದೇ ಎಂದು ಕೇಳಬಹುದು. ಅಲಾರಂ ಹೊಡೆಯುವ ಹೊತ್ತಿಗೆ ಆಟ ಅರ್ಧಕ್ಕೆ ಬಂದಿದ್ದರೆ ಕೈ ಅದನ್ನು ಆರಿಸಿ ಮತ್ತೆ ಆಟಕ್ಕೇ ಹೋಗುತ್ತದೆ. ಇದರ ಬೇರನ್ನು ಮಾರಿಯಾ ಒವ್ಸ್ಯಾಂಕಿನಾ ಎಂಬ ಮನೋವಿಜ್ಞಾನಿ 1928ರಲ್ಲೇ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದರು. ಜನರಿಗೆ ಸಣ್ಣಪುಟ್ಟ ಕೆಲಸ ಕೊಟ್ಟು, ನಡುವೆಯೇ ತಡೆದು, ಸುಮ್ಮನೆ ಬಿಟ್ಟರೆ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ಯಾರೂ ಹೇಳದಿದ್ದರೂ, ಯಾವ ಲಾಭವಿಲ್ಲದಿದ್ದರೂ, ಹೆಚ್ಚಿನವರು ಆ ಅರ್ಧ ಕೆಲಸಕ್ಕೇ ಮರಳುತ್ತಿದ್ದರು. ಹಾಗಾಗಿ ನಡುವೆ ನಿಲ್ಲಿಸಿದ ಆಟ ಪುಸ್ತಕ ತೆರೆದ ಮೇಲೂ ಕರೆಯುತ್ತಲೇ ಇರುತ್ತದೆ. ನಾವು ನಿಲ್ಲಿಸಬೇಕಾದ ಆಟಕ್ಕಿಂತ ತಾನೇ ಮುಗಿಯುವ ಆಟ ಬಿಡುವಿಗೆ ಒಳ್ಳೆಯದು.

ಆಟವನ್ನು ಆರಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ಒಂದು, ಇದಕ್ಕೆ ನಿಯಮದಲ್ಲೇ ಕೊನೆ ಇದೆಯೇ? ಎರಡು, ಮುಗಿದ ತಕ್ಷಣ ಇನ್ನೊಂದು ಆಟ ಕೈಗೆ ಸಿಗುವಂತಿದೆಯೇ?

ಓಡುತ್ತಲೇ ಇರುವ ಮೊಬೈಲ್ ಆಟಗಳು ಮೊದಲನೆಯದರಲ್ಲೇ ಬೀಳುತ್ತವೆ. ಅಲ್ಲಿ ಆಟ ನಿಲ್ಲುವುದು ಎಡವಿದಾಗ ಮಾತ್ರ. ಎಡವಿದವನಿಗೆ ಆಟ ಮುಗಿಯಿತು ಅನಿಸುವುದಿಲ್ಲ, ‘ಇನ್ನೊಂದ್ಸಲ’ ಅನಿಸುತ್ತದೆ. ಐದು ನಿಮಿಷದ ಆನ್‌ಲೈನ್ ಚೆಸ್ ಎರಡನೆಯ ಪ್ರಶ್ನೆಯಲ್ಲಿ ಬೀಳುತ್ತದೆ. ತಲಾ ಐದು ನಿಮಿಷವೆಂದರೆ ಗಡಿಯಾರದ ಲೆಕ್ಕದಲ್ಲಿ ಆಟ ಹತ್ತು ನಿಮಿಷ ದಾಟಲಾರದು, ಅಷ್ಟರಮಟ್ಟಿಗೆ ಸರಿ. ಆದರೆ ಮುಗಿದ ಕ್ಷಣದಲ್ಲೇ ಮರುಪಂದ್ಯದ ಗುಂಡಿ ಕಣ್ಣೆದುರು ಬರುತ್ತದೆ, ಕಳೆದುಕೊಂಡ ರೇಟಿಂಗ್ ಕುಟುಕುತ್ತದೆ. ಸೋತವನು ಪುಸ್ತಕಕ್ಕೆ ಮರಳುವುದು ಕಷ್ಟ.

ಎರಡೂ ಪ್ರಶ್ನೆಗೆ ಸರಿಯಾಗಿ ನಿಲ್ಲುವ ಒಂದು ಆಟವನ್ನು ಪೂರ್ತಿ ನೋಡೋಣ. ಬೇಕಾದದ್ದು ಒಂದು ಹಾಳೆ, ಒಂದು ಪೆನ್ನು, ಪಕ್ಕದ ಮಂಚದ ಗೆಳೆಯ ಅಥವಾ ಗೆಳತಿ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 1967ರಲ್ಲಿ ಜಾನ್ ಕಾನ್ವೇ ಮತ್ತು ಮೈಕೆಲ್ ಪ್ಯಾಟರ್ಸನ್ ಎಂಬ ಗಣಿತಜ್ಞರು ಕಟ್ಟಿದ ಈ ಆಟದ ಹೆಸರು ಸ್ಪ್ರೌಟ್ಸ್. ನಾವು ಮೊಳಕೆ ಆಟ ಎನ್ನೋಣ.

ಹಾಳೆಯ ಮೇಲೆ ಮೂರು ಚುಕ್ಕಿ ಇಡಿ. ಸರದಿ ಬಂದವರು ಯಾವುದಾದರೂ ಎರಡು ಚುಕ್ಕಿಗಳನ್ನು ಗೆರೆಯಿಂದ ಸೇರಿಸಬೇಕು. ಒಂದೇ ಚುಕ್ಕಿಯಿಂದ ಹೊರಟು ಸುತ್ತಿಕೊಂಡು ಅದಕ್ಕೇ ಮರಳಿದರೂ ನಡೆಯುತ್ತದೆ. ಗೆರೆ ಎಷ್ಟು ಬೇಕಾದರೂ ಬಳುಕಲಿ, ಆದರೆ ಈಗಾಗಲೇ ಇರುವ ಗೆರೆಯನ್ನಾಗಲಿ ತನ್ನನ್ನೇ ಆಗಲಿ ದಾಟಬಾರದು. ಗೆರೆ ಎಳೆದವರು ಅದರ ನಡುವೆ ಎಲ್ಲಾದರೂ ಒಂದು ಹೊಸ ಚುಕ್ಕಿ ಇಡಬೇಕು. ಒಂದು ಚುಕ್ಕಿಗೆ ಮೂರು ಗೆರೆ ತಾಗಿದರೆ ಅದು ಸತ್ತಂತೆ, ಮತ್ತೆ ಬಳಸುವಂತಿಲ್ಲ. ಗೆರೆ ಎಳೆಯಲು ಜಾಗ ಸಿಗದವರು ಸೋತರು.

ಕೇಳಲು ಕೊನೆಯಿಲ್ಲದ ಆಟದಂತಿದೆ. ಪ್ರತಿ ಸಲವೂ ಹೊಸ ಚುಕ್ಕಿ ಹುಟ್ಟುತ್ತಿದ್ದರೆ ಮುಗಿಯುವುದೆಂತು? ಲೆಕ್ಕ ಹಾಕಿ ನೋಡಿ. ಪ್ರತಿ ಚುಕ್ಕಿಗೂ ಮೂರು ಜೀವ ಎಂದುಕೊಳ್ಳಿ, ಅಂದರೆ ಆರಂಭದಲ್ಲಿ ಒಟ್ಟು ಒಂಬತ್ತು ಜೀವ. ಚುಕ್ಕಿಗಳನ್ನು ಅ, ಇ, ಉ ಎಂದು ಕರೆಯೋಣ. ಮೊದಲ ಆಟಗಾರ ಅ–ಇ ಸೇರಿಸಿದ, ನಡುವೆ ಹೊಸ ಚುಕ್ಕಿ ಎ ಇಟ್ಟ. ಅ ಮತ್ತು ಇ ಒಂದೊಂದು ಜೀವ ಕಳೆದುಕೊಂಡವು. ಹೊಸ ಎ ಚುಕ್ಕಿಗೆ ಎರಡು ಬದಿಯ ಗೆರೆ ಹುಟ್ಟುವಾಗಲೇ ತಾಗಿರುವುದರಿಂದ ಅದಕ್ಕೆ ಉಳಿದಿದ್ದು ಒಂದೇ ಜೀವ. ಹೋದದ್ದು ಎರಡು, ಬಂದದ್ದು ಒಂದು, ಒಟ್ಟು ಎಂಟಾಯಿತು. ಎರಡನೆಯವಳು ಉ ಚುಕ್ಕಿಯಿಂದ ಸುತ್ತು ಹೊಡೆದು ಉ ಚುಕ್ಕಿಗೇ ತಂದು ಸೇರಿಸಿದಳು. ಉ ಎರಡು ಜೀವ ಕಳೆದುಕೊಂಡಿತು, ಸುತ್ತಿನ ಮೇಲೆ ಒಂದು ಜೀವದ ಚುಕ್ಕಿ ಹುಟ್ಟಿತು. ಒಟ್ಟು ಏಳು. ಹೀಗೆ ಯಾರು ಏನೇ ಮಾಡಲಿ, ಒಂದು ಗೆರೆಗೆ ಸರಿಯಾಗಿ ಒಂದು ಜೀವ ಕಡಿಮೆಯಾಗುತ್ತದೆ. ಗೆರೆ ಎಳೆಯಲು ಎರಡು ಜೀವ ಬೇಕು, ಆದ್ದರಿಂದ ಒಂದೇ ಉಳಿದಾಗ ಆಟ ಮುಗಿಯಲೇಬೇಕು. ಮೂರು ಚುಕ್ಕಿಯ ಆಟದಲ್ಲಿ ಎಂಟಕ್ಕಿಂತ ಹೆಚ್ಚು ಗೆರೆ ಸಾಧ್ಯವೇ ಇಲ್ಲ, ಆರಕ್ಕಿಂತ ಕಡಿಮೆಯೂ ಆಗದು.

ಆಟದ ರುಚಿ ಇರುವುದು ಈ ಆರು ಮತ್ತು ಎಂಟರ ನಡುವೆ. ಏಳು ಗೆರೆಗೆ ಮುಗಿದರೆ ಮೊದಲು ಆಡಿದವರಿಗೆ ಗೆಲುವು, ಆರಕ್ಕೋ ಎಂಟಕ್ಕೋ ಮುಗಿದರೆ ಎರಡನೆಯವರಿಗೆ. ಜೀವ ಉಳಿದ ಚುಕ್ಕಿಯೊಂದನ್ನು ಸುತ್ತುಗೆರೆಯೊಳಗೆ ಒಂಟಿಯಾಗಿ ಕೂಡಿಹಾಕಿದರೆ ಆ ಜೀವ ಇದ್ದೂ ಇಲ್ಲದಂತೆ, ಆಟ ಬೇಗ ಮುಗಿಯುತ್ತದೆ. ಯಾವ ಚುಕ್ಕಿಯನ್ನು ಒಳಗೆ ಬಿಡಬೇಕು, ಯಾವುದನ್ನು ಹೊರಗೆ ಎಂಬುದರಲ್ಲೇ ಜಾಣತನ. ಒಂದು ಗೆರೆಗೆ ಅರ್ಧ ನಿಮಿಷ ಯೋಚಿಸಿದರೂ ಒಂದಾಟಕ್ಕೆ ನಾಲ್ಕು ನಿಮಿಷ. ಒಮ್ಮೆ ನೀವು, ಒಮ್ಮೆ ಅವರು ಮೊದಲು ಆಡಿದರೆ ಎಂಟು ನಿಮಿಷಕ್ಕೆ ಲೆಕ್ಕ ಚುಕ್ತಾ. ಒಂದು ಎಚ್ಚರಿಕೆ: ಹಾಳೆಯ ಒಂದೇ ಬದಿಯಲ್ಲಿ ಎರಡೂ ಆಟ ಮುಗಿಸಿ ಹರಿದು ಬುಟ್ಟಿಗೆ ಹಾಕಿ. ಚುಕ್ಕಿಗಳನ್ನು ಐದಾರಕ್ಕೆ ಏರಿಸಬೇಡಿ. ಆರು ಚುಕ್ಕಿಯಾದರೆ ಹದಿನೇಳು ಗೆರೆಯವರೆಗೆ ಹೋಗಬಹುದು, ಯೋಚನೆಯ ಹೊತ್ತೂ ಬೆಳೆಯುತ್ತದೆ.

ಒಬ್ಬರೇ ಇದ್ದರೆ? ನಮ್ಮಲ್ಲಿ ಊರಿಗೊಂದು ಹೆಸರಿರುವ ಐದು ಕಲ್ಲಿನ ಆಟ ಇದೆಯಲ್ಲ, ಅದು ಒಳ್ಳೆಯದು. ಕಲ್ಲುಗಳನ್ನು ನೆಲದ ಮೇಲೆ ಚೆಲ್ಲಿ, ಒಂದನ್ನು ಮೇಲಕ್ಕೆಸೆದು, ಅದು ಬೀಳುವುದರೊಳಗೆ ಕೆಳಗಿನದನ್ನು ಬಾಚಿ ಎರಡನ್ನೂ ಹಿಡಿಯಬೇಕು. ಮೊದಲು ಒಂದೊಂದು, ಆಮೇಲೆ ಎರಡೆರಡು, ಆಮೇಲೆ ಮೂರು ಮತ್ತು ಒಂದು, ಆಮೇಲೆ ನಾಲ್ಕನ್ನೂ ಒಟ್ಟಿಗೆ. ಕೊನೆಗೆ ಐದನ್ನೂ ಎಸೆದು ಅಂಗೈ ಮಗುಚಿ ಮುಂಗೈ ಮೇಲೆ ತಡೆದು, ಮತ್ತೆ ಎಸೆದು ಹಿಡಿಯುವುದು. ಅಕ್ಷರ ನೋಡಿ ದಣಿದ ಕಣ್ಣಿಗೆ ಚಲಿಸುವ ವಸ್ತು ಸಿಗುತ್ತದೆ, ಕುರ್ಚಿ ಬಿಟ್ಟು ನೆಲಕ್ಕಿಳಿದಂತೆಯೂ ಆಗುತ್ತದೆ. ಆದರೆ ಇದೂ ಎಡವಿದಾಗ ನಿಲ್ಲುವ ಆಟವೇ, ‘ಇನ್ನೊಂದ್ಸಲ’ದ ಆಸೆ ಇದ್ದೇ ಇದೆ. ಆದ್ದರಿಂದ ಕೂರುವ ಮೊದಲೇ ಐದು ಅವಕಾಶವೆಂದು ಗೊತ್ತುಮಾಡಿಕೊಳ್ಳಿ. ಐದು ಬೆಂಕಿಕಡ್ಡಿ ಪಕ್ಕದಲ್ಲಿಟ್ಟು, ಕೈತಪ್ಪಿದಾಗಲೆಲ್ಲ ಒಂದನ್ನು ಡಬ್ಬಿಗೆ ಹಾಕಿ. ಕಡ್ಡಿ ಮುಗಿದರೆ ಆಟ ಮುಗಿಯಿತು. ಅಷ್ಟರೊಳಗೆ ಒಂದು ಸುತ್ತು ಪೂರ್ತಿಯಾದರೂ ಅಲ್ಲಿಗೇ ಮುಗಿಯಿತು.

ಮೊಬೈಲೇ ಬೇಕೆನ್ನುವವರಿಗೆ ದಿನಕ್ಕೊಂದೇ ಒಗಟು ಕೊಡುವ ಆಟಗಳಿವೆ. 2021ರಲ್ಲಿ ಜಾಷ್ ವಾರ್ಡಲ್ ಜನರ ಮುಂದಿಟ್ಟ ವರ್ಡಲ್ ಇದಕ್ಕೆ ಹೆಸರಾದದ್ದು: ಐದಕ್ಷರದ ಒಂದು ಇಂಗ್ಲಿಷ್ ಪದ, ಆರು ಪ್ರಯತ್ನ, ಮುಂದಿನ ಪದ ನಾಳೆಗೆ. ಆಟದ ಮಟ್ಟಿಗೆ ಎರಡೂ ಪ್ರಶ್ನೆಗೆ ಉತ್ತರ ಸರಿಯಾಗಿದೆ. ಅಪಾಯ ಆಟದಿಂದಲ್ಲ, ಅದೇ ಪರದೆಯ ಮೇಲೆ ಬಂದು ಕೂರುವ ವಾಟ್ಸ್‌ಆ್ಯಪ್‌ನಿಂದ. ಡೇಟಾ ಆನ್ ಮಾಡಿ ಒಗಟು ತೆರೆದು, ತಕ್ಷಣ ಆಫ್ ಮಾಡಿ ಆಡಲು ಆಗುವುದಾದರೆ ಸರಿ. ಇಲ್ಲದಿದ್ದರೆ ಬಿಟ್ಟುಬಿಡಿ. ಪತ್ರಿಕೆಯ ಸುಡೊಕು ಬಗ್ಗೆಯೂ ಒಂದು ಮಾತು: ಸುಲಭದ್ದಾದರೆ ಹತ್ತು ನಿಮಿಷದೊಳಗೆ ಆಗಬಹುದು, ಕಠಿಣದ್ದಾದರೆ ಅರ್ಧಕ್ಕೆ ನಿಂತು ಆಮೇಲೆ ಓದಿನ ನಡುವೆ ಕಾಡುತ್ತದೆ.

ಆಟ ಯಾವುದು ಎಂಬಷ್ಟೇ ಮುಖ್ಯ ಯಾವಾಗ ಎಂಬುದು. ಸ್ಕಾಟ್ಲೆಂಡಿನಲ್ಲಿ ಮೈಕೇಲಾ ಡ್ಯೂವರ್ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯುವಂಥದ್ದು. ವಯಸ್ಸಾದವರಿಗೆ ಎರಡು ಚಿಕ್ಕ ಕಥೆ ಕೇಳಿಸಿದರು. ಒಂದು ಕಥೆಯ ನಂತರ ಹತ್ತು ನಿಮಿಷ ಕಣ್ಣುಮುಚ್ಚಿ ಸುಮ್ಮನಿರಲು ಹೇಳಿದರು. ಇನ್ನೊಂದರ ನಂತರ ಕಂಪ್ಯೂಟರಿನಲ್ಲಿ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಹುಡುಕುವ ಆಟ ಕೊಟ್ಟರು. ಒಂದು ವಾರದ ಬಳಿಕ ಕೇಳಿದಾಗ ಸುಮ್ಮನಿದ್ದ ಹೊತ್ತಿನ ಕಥೆಯೇ ಹೆಚ್ಚು ನೆನಪಿತ್ತು. ಆ ಪ್ರಯೋಗದಲ್ಲಿದ್ದವರು ವಿದ್ಯಾರ್ಥಿಗಳಲ್ಲ ಎಂಬುದು ನಿಜ. ಆದರೂ ಸಂವಿಧಾನದ ವಿಧಿಗಳನ್ನೋ ರಾಜವಂಶಗಳ ಅನುಕ್ರಮವನ್ನೋ ಹೊಸದಾಗಿ ಓದಿದ ಕೂಡಲೇ ಆಟಕ್ಕೆ ಹಾರದಿರುವುದು ಜಾಣತನ. ಆ ಬಿಡುವಿಗೆ ಕಣ್ಣುಮುಚ್ಚಿ ಕೂರುವುದೇ ಸರಿ. ಆಟವನ್ನು ಲೆಕ್ಕ ಬಿಡಿಸಿದ ನಂತರಕ್ಕೆ, ಹಳೆಯ ಪ್ರಶ್ನೆಪತ್ರಿಕೆ ಮುಗಿಸಿದ ನಂತರಕ್ಕೆ ಇಟ್ಟುಕೊಳ್ಳಿ.

ಕೆಎಎಸ್ ಪ್ರಿಲಿಮ್ಸ್‌ಗೆ ಓದುವವರ ಒಂದು ಬೆಳಗನ್ನು ಹೀಗೆ ಜೋಡಿಸಬಹುದು. ಏಳರಿಂದ ಎಂಟರವರೆಗೆ ಸಂವಿಧಾನ. ಹತ್ತು ನಿಮಿಷ ಕಣ್ಣುಮುಚ್ಚಿ ವಿಶ್ರಾಂತಿ. ಎಂಟು ಹತ್ತರಿಂದ ಒಂಬತ್ತು ಹತ್ತರವರೆಗೆ ಮಾನಸಿಕ ಸಾಮರ್ಥ್ಯದ ಲೆಕ್ಕ. ಏಳುವ ಮುನ್ನ ಚೀಟಿಯಲ್ಲಿ ‘ಮುಂದೆ: ಭೂಗೋಳ, ನದಿಗಳು, ಪುಟ 84’ ಎಂದು ಬರೆದು ಪುಸ್ತಕವನ್ನು ಆ ಪುಟಕ್ಕೇ ತೆರೆದಿಡುವುದು. ಆಮೇಲೆ ಎರಡು ಆಟ ಮೊಳಕೆ. ಒಂಬತ್ತು ಇಪ್ಪತ್ತಕ್ಕೆ ಮರಳಿ ಕೂತಾಗ ಎಲ್ಲಿಂದ ಶುರುಮಾಡಬೇಕೆಂಬ ತಡಕಾಟವಿರುವುದಿಲ್ಲ. ಬಿಡುವು ಹಿಗ್ಗುವುದು ಎಷ್ಟೋ ಸಲ ಈ ತಡಕಾಟದಿಂದಲೇ.

ಆರಿಸಿದ ಆಟ ಹೊಂದುತ್ತಿದೆಯೇ ಎಂದು ತಿಳಿಯಲು ಮರಳಿ ಕೂತ ಹೊತ್ತನ್ನು ಅದೇ ಚೀಟಿಯಲ್ಲಿ ಬರೆಯಿರಿ. ಎರಡು ದಿನ ಸತತವಾಗಿ ಹನ್ನೆರಡು ನಿಮಿಷ ದಾಟಿದ್ದರೆ, ಅಥವಾ ಭೂಗೋಳ ಓದುವಾಗ ಕಳೆದ ಆಟದ ಗೆರೆಗಳೇ ತಲೆಯಲ್ಲಿ ಓಡುತ್ತಿದ್ದರೆ, ಆ ಆಟ ನಿಮಗಲ್ಲ. ನಿಮ್ಮನ್ನು ಬೈದುಕೊಳ್ಳಬೇಡಿ, ಆಟವನ್ನು ಬದಲಿಸಿ.